ದೀರ್ಘಾವಧಿಯ ಸಾಲಪತ್ರಗಳ ಬೆಲೆಯ ತೂಗಾಟ: ಡ್ಯುರೇಷನ್ ಎಂಬ ಮಾನವನ್ನು ಕುರಿತು

2020ರ ಜೂನ್ ತಿಂಗಳಿನಲ್ಲಿ ಆಸ್ಟ್ರಿಯ ದೇಶದ ಸರ್ಕಾರವು ನೂರು ವರ್ಷಗಳ ವಾಯಿದೆಯುಳ್ಳ ಸಾಲಪತ್ರವೊಂದನ್ನು ಹೊರಡಿಸಿತು. ನೂರು ಯೂರೋ ಮುಖಬೆಲೆಯ ಪತ್ರಕ್ಕೆ ವರ್ಷಕ್ಕೆ 85 ಸೆಂಟುಗಳ ಬಡ್ಡಿ ಸಲ್ಲುವುದೆಂದೂ, ಅಸಲು 2120ರಲ್ಲಿ ಹಿಂದಿರುಗುವುದೆಂದೂ ಅದರ ಕರಾರು. ಎರಡು ವರ್ಷಗಳ ತರುವಾಯ ಯೂರೋಪಿನ ಕೇಂದ್ರ ಬ್ಯಾಂಕು ಬಡ್ಡಿದರಗಳನ್ನು ಏರಿಸತೊಡಗಿ, ಇತರ ಬ್ಯಾಂಕುಗಳು ತನ್ನಲ್ಲಿಡುವ ಠೇವಣಿಯ ದರವನ್ನು ಶೂನ್ಯಕ್ಕಿಂತ ಅರ್ಧ ಅಂಶ ಕೆಳಗಿದ್ದ ಸ್ಥಿತಿಯಿಂದ 2023ರ ಸೆಪ್ಟೆಂಬರಿನ ಹೊತ್ತಿಗೆ ಶೇಕಡ 4ರವರೆಗೆ ಒಯ್ದಿತು. ಅಷ್ಟರೊಳಗೆ ಈ ನೂರು ವರ್ಷದ ಪತ್ರದ ಪೇಟೆಬೆಲೆಯು ಮುಖಬೆಲೆಯ ಅರ್ಧಕ್ಕಿಂತಲೂ ಕೆಳಗಿಳಿದಿದ್ದಿತು. ಸಾಲ ಪಡೆದ ಸರ್ಕಾರವು ಮಾತಿಗೆ ತಪ್ಪಿರಲಿಲ್ಲ. ಒಂದು ಕಂತಿನ ಬಡ್ಡಿಯೂ ಬಾಕಿ ಉಳಿದಿರಲಿಲ್ಲ. ಋಣಿಯ ಪ್ರಾಮಾಣಿಕತೆಯಲ್ಲಿ ಎಳ್ಳಷ್ಟೂ ಕುಂದಿಲ್ಲದಿರುವಾಗ ಧನಿಕನ ಸ್ವತ್ತು ಅರ್ಧಕ್ಕಿಳಿದುದು ಹೇಗೆ, ಮತ್ತು ಅದೇ ದರಬದಲಾವಣೆಯು ಎರಡು ವರ್ಷದ ಪತ್ರವನ್ನು ಹೆಚ್ಚು ಅಲುಗಿಸದೆ ಬಿಟ್ಟು ನೂರು ವರ್ಷದ್ದನ್ನು ಕೆಡವಿದುದೇಕೆ, ಎಂಬುದೇ ಈ ಲೇಖನದ ವಿಚಾರ.

ಲೆಕ್ಕದ ಸೌಕರ್ಯಕ್ಕಾಗಿ ಆ ಪತ್ರವು ಸರಿಯಾಗಿ ನೂರು ಯೂರೋಗೆ ಮಾರಾಟವಾಯಿತೆಂದೂ, ಕೊಂಡ ಮರುದಿನವೇ ಪೇಟೆಯ ದರವು ಶೇಕಡ 0.85ರಿಂದ ಶೇಕಡ 1.85ಕ್ಕೆ ಏರಿತೆಂದೂ ಇಟ್ಟುಕೊಳ್ಳೋಣ. ಈಗ ಹೊಸದಾಗಿ ಸಾಲ ಕೊಡುವವನಿಗೆ ನೂರು ಯೂರೋಗೆ ವರ್ಷಕ್ಕೆ 1 ಯೂರೋ 85 ಸೆಂಟು ದೊರೆಯುತ್ತದೆ. ಹಳೆಯ ಪತ್ರವನ್ನು ಕೊಳ್ಳುವವನಿಗಾದರೋ 85 ಸೆಂಟು ಮಾತ್ರ. ಎಂದರೆ ಹಳೆಯ ಪತ್ರವು ವರ್ಷಕ್ಕೆ ಒಂದು ಯೂರೋ ಕೊರತೆಯುಳ್ಳ ಪತ್ರವಾಯಿತು. ಈ ಕೊರತೆಯನ್ನು ತುಂಬಿಕೊಡುವಷ್ಟು ಬೆಲೆ ಇಳಿಯದ ಹೊರತು ಅದನ್ನು ಯಾರೂ ಕೊಳ್ಳಲೊಲ್ಲರು. ಆದುದರಿಂದ ಬೆಲೆಯ ಇಳಿತವೆಂಬುದು, ವಾಯಿದೆ ತೀರುವವರೆಗಿನ ಎಲ್ಲ ವರ್ಷಗಳ ಕೊರತೆಗಳನ್ನು ಹೊಸ ದರದಲ್ಲಿ ಇಂದಿನ ಬೆಲೆಗೆ ಇಳಿಸಿ ಕೂಡಿದ ಮೊತ್ತವಲ್ಲದೆ ಬೇರೆಯಲ್ಲ. ಎರಡು ವರ್ಷದ ಪತ್ರವಾಗಿದ್ದರೆ ಕೊರತೆ ಎರಡೇ ಸಲ ಬರುತ್ತದೆ, ಅದರ ಇಂದಿನ ಬೆಲೆ 1.95 ಯೂರೋ, ಐದು ವರ್ಷದ್ದಾದರೆ 4.73, ನೂರು ವರ್ಷದ್ದಾದರೆ ನೂರು ಸಲ ಬಂದು 45.41 ಯೂರೋ ಆಗುತ್ತದೆ. ಬೆಲೆಗಳು ಕ್ರಮವಾಗಿ 98.05, 95.27 ಮತ್ತು 54.59ಕ್ಕೆ ಬಂದು ನಿಲ್ಲುವುವು. ದೀರ್ಘಪತ್ರವು ಹೆಚ್ಚು ತೂಗಾಡುವುದರ ಮೂಲಕಾರಣವೆಲ್ಲ ಇಷ್ಟರಲ್ಲಿಯೇ ಅಡಗಿದೆ: ಅಲ್ಪಾವಧಿಯ ಪತ್ರವನ್ನು ಹಿಡಿದವನು ಬೇಗನೆ ಅಸಲನ್ನು ಪಡೆದು ಹೊಸ ದರದ ಸಾಲಕ್ಕೆ ಹಾಕಿಕೊಳ್ಳುವ ಸ್ವಾತಂತ್ರ್ಯವುಳ್ಳವನು, ದೀರ್ಘಾವಧಿಯವನು ಹಳೆಯ ಕರಾರಿಗೆ ಕಟ್ಟುಬಿದ್ದವನು. ದರವು ಇಳಿದಾಗ ಈ ಕಟ್ಟೇ ಅವನ ಭಾಗ್ಯವಾಗುತ್ತದೆ, ಏಕೆಂದರೆ ಆಗ ಕೊರತೆಯ ಸ್ಥಾನದಲ್ಲಿ ಅಷ್ಟೇ ಕಾಲದ ಹೆಚ್ಚಳವಿರುತ್ತದೆ.

ಆದರೆ ವಾಯಿದೆಯ ವರ್ಷಗಳನ್ನೇ ಅಳತೆಗೋಲಾಗಿ ಹಿಡಿದರೆ ಮೋಸಹೋಗುತ್ತೇವೆ. ಇದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ಭಾರತ ಸರ್ಕಾರವು 2023ರ ನವೆಂಬರಿನಲ್ಲಿ ಮೊತ್ತಮೊದಲನೆಯ ಬಾರಿಗೆ ಐವತ್ತು ವರ್ಷಗಳ ಸಾಲಪತ್ರವನ್ನು ಹೊರಡಿಸಿತು, ಶೇಕಡ 7.46ರ ಬಡ್ಡಿ, ಆರಾರು ತಿಂಗಳಿಗೊಮ್ಮೆ ಪಾವತಿ, 2073ರಲ್ಲಿ ವಾಯಿದೆ. ಆಸ್ಟ್ರಿಯದ ಪತ್ರದ ಅರ್ಧದಷ್ಟು ದೀರ್ಘವಾದುದರಿಂದ ಒಂದು ಅಂಶದ ಏರಿಕೆಗೆ ಇದು ಅರ್ಧದಷ್ಟು, ಎಂದರೆ ಇಪ್ಪತ್ತೆರಡು ಇಪ್ಪತ್ತಮೂರು ರೂಪಾಯಿ, ಇಳಿಯಬೇಕೆಂದು ಯಾರಾದರೂ ಊಹಿಸಿಯಾರು. ಲೆಕ್ಕಮಾಡಿ ನೋಡಿದರೆ ಇಳಿತವು ಸುಮಾರು 11 ರೂಪಾಯಿ 63 ಪೈಸೆ ಮಾತ್ರ. ವರ್ಷಗಳು ಅರ್ಧವಾದರೆ ತೂಗಾಟವು ನಾಲ್ಕನೆಯ ಒಂದು ಭಾಗಕ್ಕೆ ಬಂದಿತು. ಈ ವ್ಯತ್ಯಾಸಕ್ಕೆ ಕಾರಣವನ್ನು ಕಂಡುಕೊಂಡವನು ಡ್ಯುರೇಷನ್ನಿನ ಅರ್ಥವನ್ನು ಕಂಡುಕೊಂಡಂತೆಯೇ.

ಅಮೆರಿಕದ ಅರ್ಥಶಾಸ್ತ್ರಜ್ಞನಾದ ಫ್ರೆಡರಿಕ್ ಮೆಕಾಲೆಯು 1856ರಿಂದ ಮುಂದಿನ ಬಡ್ಡಿದರಗಳ ಮತ್ತು ಸಾಲಪತ್ರಗಳ ಚರಿತ್ರೆಯನ್ನು ಶೋಧಿಸುತ್ತ ಇದೇ ತೊಡಕಿಗೆ ಬಂದು ನಿಂತನು. ಪತ್ರವೊಂದರ ದೈರ್ಘ್ಯವನ್ನು ಅದರ ಕಟ್ಟಕಡೆಯ ಪಾವತಿಯ ದಿನದಿಂದ ಮಾತ್ರ ಅಳೆಯುವುದು, ನಡುವಣ ಬಡ್ಡಿಯ ಪಾವತಿಗಳೆಲ್ಲವೂ ಇಲ್ಲವೇ ಇಲ್ಲವೆಂದು ಭಾವಿಸಿದಂತಾಗುವುದೆಂಬುದು ಅವನಿಗೆ ಹೊಳೆಯಿತು. 1938ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ವಾಯಿದೆಯ ಬದಲಾಗಿ ಇನ್ನೊಂದು ಮಾನವನ್ನು ಸೂಚಿಸಿ ಅದಕ್ಕೆ ಡ್ಯುರೇಷನ್ ಎಂದು ಹೆಸರಿಟ್ಟನು. ಮರುವರ್ಷವೇ ಇಂಗ್ಲೆಂಡಿನ ಜಾನ್ ಹಿಕ್ಸ್, ಬೇರೊಂದು ದಾರಿಯಿಂದ ನಡೆದು, ಇದೇ ಪ್ರಮಾಣವನ್ನು ಸರಾಸರಿ ಅವಧಿಯೆಂಬ ಹೆಸರಿನಿಂದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು.

ಮೂರು ವರ್ಷದ, ಶೇಕಡ 8ರ ಬಡ್ಡಿಯ, ನೂರು ರೂಪಾಯಿಯ ಪತ್ರವನ್ನು ತೆಗೆದುಕೊಂಡರೆ ಮೆಕಾಲೆಯ ಗಣನೆ ಸುಲಭವಾಗಿ ತಿಳಿಯುತ್ತದೆ. ಮೊದಲ ವರ್ಷ 8, ಎರಡನೆಯ ವರ್ಷ 8, ಮೂರನೆಯ ವರ್ಷ ಅಸಲು ಸೇರಿ 108 ರೂಪಾಯಿ ಬರುತ್ತದೆ. ಇವನ್ನು ಶೇಕಡ 8ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ 7.41, 6.86 ಮತ್ತು 85.73 ಆಗಿ, ಒಟ್ಟು ನೂರಕ್ಕೆ ಸರಿಹೋಗುತ್ತದೆ. ಉದ್ದವಾದ ತೊಲೆಯೊಂದರ ಮೇಲೆ ವರ್ಷಗಳನ್ನು ಗುರುತುಮಾಡಿ, ಆಯಾ ವರ್ಷದ ಗುರುತಿನಲ್ಲಿ ಈ ಬೆಲೆಗಳನ್ನು ಕಲ್ಲುಗಳಂತೆ ತೂಗುಹಾಕಿದರೆ ತೊಲೆಯು ಯಾವ ಬಿಂದುವಿನಲ್ಲಿ ಸಮತೂಕವಾಗಿ ನಿಲ್ಲುವುದೋ ಅದೇ ಡ್ಯುರೇಷನ್. ಇಲ್ಲಿ ಅದು 2.78 ವರ್ಷ. ಬಡ್ಡಿಯ ಪಾವತಿಗಳು ಚಿಕ್ಕವಾದುದರಿಂದ ಬಿಂದುವು ಮೂರರಿಂದ ಸ್ವಲ್ಪವೇ ಹಿಂದೆ ಸರಿದಿದೆ. ನಡುವೆ ಯಾವ ಬಡ್ಡಿಯನ್ನೂ ಕೊಡದ ಪತ್ರವಾಗಿದ್ದರೆ ಕಲ್ಲು ಒಂದೇ ಆಗಿ, ಡ್ಯುರೇಷನ್ನೂ ವಾಯಿದೆಯೂ ಒಂದಾಗುತ್ತಿದ್ದುವು. ಈ ವರ್ಷಸಂಖ್ಯೆಯನ್ನು ಒಂದು ಕೂಡಿಸು ದರದಿಂದ ಭಾಗಿಸಿದರೆ ದೊರೆಯುವುದು ದರವು ಒಂದು ಅಂಶ ಸರಿದಾಗ ಬೆಲೆಯು ಶೇಕಡ ಎಷ್ಟು ಸರಿಯುವುದೆಂಬ ಪ್ರಮಾಣ; ಕಾಲದ ಸರಾಸರಿಯೊಂದು ಬೆಲೆಯ ಚಂಚಲತೆಯ ಅಳತೆಯೂ ಆಗಿ ಪರಿಣಮಿಸುವುದು ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡಿರುವ ಸಂಗತಿ.

ಈಗ ಆ ಎರಡು ಸರ್ಕಾರಿ ಪತ್ರಗಳಿಗೆ ಮರಳಬಹುದು. ಆಸ್ಟ್ರಿಯದ ತೊಲೆಯ ನೂರನೆಯ ಗುರುತಿನಲ್ಲಿ ತೂಗುವ ಅಸಲಿನ ಇಂದಿನ ಬೆಲೆ ನೂರರಲ್ಲಿ ಸುಮಾರು 43 ಯೂರೋ. ದರವು ಅಷ್ಟು ಅಲ್ಪವಾಗಿರುವಾಗ ಒಂದು ಶತಮಾನದಾಚೆಯ ಹಣವೂ ತನ್ನ ಬೆಲೆಯನ್ನು ಸಾಕಷ್ಟು ಉಳಿಸಿಕೊಂಡಿರುತ್ತದೆ. ಭಾರತದ ತೊಲೆಯ ಐವತ್ತನೆಯ ಗುರುತಿನಲ್ಲಾದರೋ ಅಸಲಿನ ಇಂದಿನ ಬೆಲೆ ನೂರರಲ್ಲಿ ಎರಡೂವರೆ ರೂಪಾಯಿಯ ಆಸುಪಾಸು. ಉಳಿದುದೆಲ್ಲವೂ ಬಡ್ಡಿಯ ಕಂತುಗಳಾಗಿ, ಅದರಲ್ಲಿಯೂ ಮೊದಲ ಇಪ್ಪತ್ತು ವರ್ಷಗಳ ಕಂತುಗಳಾಗಿ, ತೊಲೆಯ ಈಚೆಯ ತುದಿಗೆ ಜಗ್ಗುತ್ತದೆ. ಹೀಗಾಗಿ ನೂರು ವರ್ಷದ ಪತ್ರದ ಡ್ಯುರೇಷನ್ 67 ವರ್ಷಗಳನ್ನು ಮೀರಿದರೆ, ಐವತ್ತು ವರ್ಷದ್ದು ಹದಿಮೂರೂವರೆ ವರ್ಷಗಳಲ್ಲಿಯೇ ನಿಲ್ಲುತ್ತದೆ. ಅಸಲೇ ಹಿಂದಿರುಗದ, ಬಡ್ಡಿ ಮಾತ್ರ ನಿರಂತರವಾಗಿ ನಡೆಯುವ ಪತ್ರಗಳಿಗೂ, ಬ್ರಿಟನ್ನಿನ ಹಳೆಯ ಕನ್ಸಾಲುಗಳು ಅಂಥವಾಗಿದ್ದುವು, ಡ್ಯುರೇಷನ್ ಅನಂತವಲ್ಲ. ದರವು ಶೇಕಡ 4 ಆದರೆ ಅದು 26 ವರ್ಷ, ಶೇಕಡ 2.5 ಆದರೆ 41 ವರ್ಷ. ಆದುದರಿಂದ ದೀರ್ಘಪತ್ರವು ಹೆಚ್ಚು ತೂಗಾಡುತ್ತದೆಂಬ ಮಾತಿಗೆ, ಅಲ್ಪ ದರದ ಕಾಲದಲ್ಲಿ ಹುಟ್ಟಿದ ದೀರ್ಘಪತ್ರವು ಎಲ್ಲಕ್ಕಿಂತ ಹೆಚ್ಚು ತೂಗಾಡುತ್ತದೆಂಬ ಮಾತನ್ನು ಸೇರಿಸಲೇಬೇಕು. ಆಸ್ಟ್ರಿಯದ ಪತ್ರವನ್ನು ಕೊಂಡವರಿಗೆ ಒದಗಿದ ನಷ್ಟದ ಬೀಜ ಆ 85 ಸೆಂಟಿನಲ್ಲಿಯೇ ಇದ್ದಿತು.

ಈ ಮಾನಕ್ಕೆ ಮಿತಿಗಳೂ ಉಂಟು. ಡ್ಯುರೇಷನ್ನಿನ ಪ್ರಕಾರ ಆಸ್ಟ್ರಿಯದ ಪತ್ರವು ಒಂದು ಅಂಶದ ಏರಿಕೆಗೆ ಶೇಕಡ 67ರಷ್ಟು ಇಳಿಯಬೇಕಾಗಿತ್ತು. ನಮ್ಮ ಲೆಕ್ಕದಲ್ಲಿ ಇಳಿದುದು ಶೇಕಡ 45. ಕಾರಣವೇನೆಂದರೆ, ದರ ಏರಿದಂತೆಲ್ಲ ದೂರದ ಕಲ್ಲುಗಳು ಹಗುರವಾಗಿ ತೊಲೆಯ ಸಮತೂಕದ ಬಿಂದುವೇ ಈಚೆಗೆ ಸರಿಯುತ್ತದೆ, ಮುಂದಿನ ಏರಿಕೆಗೆ ಇಳಿತ ಕಡಮೆಯಾಗುತ್ತದೆ. ಬೆಲೆಯ ರೇಖೆಯು ನೇರವಾಗಿರದೆ ಪೀನವಾಗಿ ಬಾಗಿರುವುದನ್ನು ಡ್ಯುರೇಷನ್ ಕಾಣದು; ಅದು ರೇಖೆಗೆ ಒಂದು ಬಿಂದುವಿನಲ್ಲಿ ಎಳೆದ ಸ್ಪರ್ಶಕ ಮಾತ್ರ. ಕಾಲು ಅಂಶದಷ್ಟು ಸಣ್ಣ ಬದಲಾವಣೆಗೆ ಅದನ್ನು ನಂಬಬಹುದು. ದೊಡ್ಡದಕ್ಕೆ ಪೂರ್ಣ ಲೆಕ್ಕವನ್ನೇ ಮಾಡಬೇಕು. ಇದಲ್ಲದೆ, ಎಲ್ಲ ವಾಯಿದೆಗಳ ದರಗಳೂ ಒಂದೇ ಪ್ರಮಾಣದಲ್ಲಿ ಸರಿಯುವುವೆಂದು ಈ ಗಣನೆ ಊಹಿಸುತ್ತದೆ. ವಾಸ್ತವದಲ್ಲಿ ಅಲ್ಪಾವಧಿಯ ದರಗಳು ಸಾಮಾನ್ಯವಾಗಿ ಹೆಚ್ಚು ಏರಿಳಿದು ದೀರ್ಘಾವಧಿಯವು ಅಷ್ಟಾಗಿ ಕದಲುವುದಿಲ್ಲ.

ಇನ್ನುಳಿದುದು ಈ ತೂಗಾಟವು ಯಾರಿಗೆ ಅಪಾಯವೆಂಬ ಪ್ರಶ್ನೆ. ದರ ಏರಿದಾಗ ಪತ್ರದ ಬೆಲೆ ಇಳಿಯುವುದಾದರೂ, ಬರುವ ಬಡ್ಡಿಯನ್ನು ಮತ್ತೆ ಸಾಲಕ್ಕೆ ಹಾಕಿದರೆ ಹೊಸ ದರದಲ್ಲಿ ಅದು ಹೆಚ್ಚು ಬೆಳೆಯುತ್ತದೆ. ಈ ನಷ್ಟಲಾಭಗಳು ಸರಿಗೂಡುವ ದಿನ ಯಾವುದು? ಮೇಲಿನ ಮೂರು ವರ್ಷದ ಪತ್ರವನ್ನು ನೂರು ರೂಪಾಯಿಗೆ ಕೊಂಡು 2.78 ವರ್ಷ ಹಿಡಿದಿರಿಸಿದವನ ಹಣವು ಶೇಕಡ 8ರ ದರ ಹಾಗೆಯೇ ನಿಂತರೆ 123.89 ರೂಪಾಯಿ ಆಗುತ್ತದೆ. ಕೊಂಡೊಡನೆಯೇ ದರವು ಶೇಕಡ 9ಕ್ಕೆ ಏರಿದರೆ ಬೆಲೆಯು 97.47ಕ್ಕೆ ಇಳಿಯುತ್ತದೆ, ಆದರೂ ಆ ದಿನಕ್ಕೆ ಕೈಗೆ ಬರುವುದು 123.89, ಶೇಕಡ 7ಕ್ಕೆ ಇಳಿದರೂ 123.89. ಬ್ರಿಟನ್ನಿನ ವಿಮಾಗಣಿತಜ್ಞನಾದ ಫ್ರಾಂಕ್ ರೆಡಿಂಗ್ಟನ್ 1952ರಲ್ಲಿ ಪ್ರಕಟಿಸಿದ ತತ್ತ್ವವು ಇದರ ಮೇಲೆಯೇ ನಿಂತಿದೆ: ವಿಮಾಸಂಸ್ಥೆಯೊಂದು ತಾನು ಕೊಡಬೇಕಾದ ಹಣದ ಡ್ಯುರೇಷನ್ನಿಗೆ ತನ್ನ ಆಸ್ತಿಯ ಡ್ಯುರೇಷನ್ನನ್ನು ಸರಿಹೊಂದಿಸಿಕೊಂಡರೆ, ದರದ ಸಣ್ಣ ಏರಿಳಿತಗಳಿಂದ ಅದಕ್ಕೆ ರಕ್ಷೆ ದೊರೆಯುತ್ತದೆ.

ಆದಕಾರಣ ನೂರು ವರ್ಷದ ಪತ್ರವು ಸ್ವತಃ ಕೆಟ್ಟ ಪತ್ರವೆಂದು ಹೇಳಲಾಗದು. ಅನೇಕ ದಶಕಗಳ ಬಳಿಕ ಪಿಂಚಣಿ ಕೊಡಬೇಕಾದ ಹೊಣೆಯುಳ್ಳ ಸಂಸ್ಥೆಗೆ ಅದು ತಕ್ಕ ಆಸ್ತಿಯಾಗಿದ್ದಿತು. ಎರಡು ಮೂರು ವರ್ಷಗಳಲ್ಲಿ ಹಣ ಬೇಕಾಗಿದ್ದವನು ಸರ್ಕಾರದ ಭರವಸೆಯೊಂದನ್ನೇ ನೆಚ್ಚಿ ಅದನ್ನು ಕೊಂಡಿದ್ದರೆ, ಆ ಭರವಸೆ ಪೂರ್ಣವಾಗಿ ನಡೆಯುತ್ತಿರುವಾಗಲೇ ತನ್ನ ಹಣದ ಅರ್ಧಕ್ಕೂ ಮಿಕ್ಕ ಭಾಗವನ್ನು ಕಳೆದುಕೊಳ್ಳಬೇಕಾಗಿ ಬಂದಿತು.