ಮಿಶ್ರತಳಿ ರಾಸುಗಳಲ್ಲಿ ಉಣ್ಣೆ ಜ್ವರ: ಸಿಂಪಡಿಸಿದರೂ ಉಣ್ಣೆ ಮರಳುವುದೇಕೆ?

ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಡಂಚಿನಲ್ಲಿ ಮೇಯುವ ನಾಟಿ ದನ ಉಣ್ಣೆಯನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಮಿಶ್ರತಳಿ ಹಸು ತಾಳದು. ಸಿಂಪಡಿಸಿದ ಮೇಲೂ ಉಣ್ಣೆ ಕಂಡರೆ ಔಷಧವನ್ನೇ ದೂರಬೇಡಿ. ರಕ್ತ ಹೀರಿ ಉದುರಿದ ಹೆಣ್ಣು ಉಣ್ಣೆ ಕೊಟ್ಟಿಗೆಯ ಬಿರುಕಿನಲ್ಲೋ ಹುಲ್ಲಿನ ಬುಡದಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ.

ದೊಡ್ಡ ಹಸುವೊಂದಕ್ಕೆ 4 ಲೀಟರ್ ನೀರಿಗೆ 12.5% ಅಮಿಟ್ರಾಜ್ 8 ಮಿ.ಲೀ. ಬೆರೆಸಿ, ಹಾಲು ಕರೆದ ನಂತರ ಬಾಲದ ಬುಡ, ತೊಡೆಸಂದು, ಗಂಗೆದೊಗಲು ನೆನೆಯುವಂತೆ ಸಿಂಪಡಿಸಿರಿ. 15 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಿ, ಗೋಡೆಯ ಬಿರುಕುಗಳನ್ನು ಮುಚ್ಚಿರಿ. ಎರಡು ಮೂರು ಹಸುಗಳಿಗೆ ಅದ್ದುತೊಟ್ಟಿ ಬೇಕಿಲ್ಲ. ಕಾಡಂಚಿಗೆ ಬಿಡುವ ಬದಲು ಹೊಲದಲ್ಲಿ ಬೆಳೆದ ಮೇವನ್ನೇ ಕೊಡುವುದು ಮೇಲು.

ತೀವ್ರ ಜ್ವರದೊಡನೆ ಭುಜದ ಮುಂದಿನ ಗ್ರಂಥಿ ಊದಿದ್ದರೆ ಥೈಲೇರಿಯಾ, ಮೂತ್ರ ಕೆಂಪಾಗಿದ್ದರೆ ಬಬೇಸಿಯಾ ಶಂಕಿಸಿ, ಅಂದೇ ಪಶುವೈದ್ಯರಿಂದ ರಕ್ತಲೇಪನ ಪರೀಕ್ಷೆ ಮಾಡಿಸಿರಿ; ಇವೆರಡರ ಚುಚ್ಚುಮದ್ದು ಬೇರೆ ಬೇರೆ.