ಎರಡು ದಾಖಲೆ, ಒಬ್ಬಳೇ ಲಕ್ಷ್ಮಿಯೆ?

ಪುಣೆಯ ಒಂದು ಬ್ಯಾಂಕಿಗೆ 10 ಲಕ್ಷ ಗ್ರಾಹಕರಿದ್ದಾರೆ ಎಂದುಕೊಳ್ಳಿ. ಪಟ್ಟಿಯಲ್ಲಿ ಒಂದು ಕಡೆ Laxmi Patil, ಇನ್ನೊಂದು ಕಡೆ Lakshmi Patil. ಹುಟ್ಟಿದ ದಿನ, ತಿಂಗಳು ಒಂದೇ, ಆದರೆ ಒಂದರಲ್ಲಿ ವರ್ಷ ಬರೆದಿಲ್ಲ. ಮೊಬೈಲ್ ನಂಬರ್ ಬೇರೆ. ಇಂಥ ಜೋಡಿಗಳನ್ನು ಹುಡುಕಿ, ಒಂದೊಂದಕ್ಕೂ ಅಂಕ ಹಾಕಿ, ಡೇಟಾ ಸ್ಟೀವರ್ಡ್ ಎನ್ನುವ ನೌಕರರ ಮುಂದಿಡುವ ಕೆಲಸವನ್ನು ಇಂದು ಸಾಫ್ಟ್‌ವೇರ್ ಮಾಡುತ್ತದೆ. ಆದರೆ ಆ ಅಂಕ ಹುಟ್ಟಿದ್ದು ಬ್ಯಾಂಕಿನಲ್ಲಲ್ಲ, ಜನನ-ವಿವಾಹದ ದಾಖಲೆಗಳ ನಡುವೆ.

1946ರಲ್ಲಿ ಅಮೆರಿಕದ ಹಾಲ್ಬರ್ಟ್ ಡನ್ ಈ ಕೆಲಸಕ್ಕೆ ‘ರೆಕಾರ್ಡ್ ಲಿಂಕೇಜ್’ ಎಂಬ ಹೆಸರು ಕೊಟ್ಟರು. ಪ್ರತಿಯೊಬ್ಬರ ಬಾಳೂ ಒಂದು ಪುಸ್ತಕ, ಜನನ ಅದರ ಮೊದಲ ಪುಟ, ಮರಣ ಕೊನೆಯದು. ಚದುರಿದ ಪುಟಗಳನ್ನು ಸೇರಿಸಿ ಹೊಲಿಯಬೇಕು ಎಂಬುದು ಅವರ ಕಲ್ಪನೆ. ಹೊಲಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದವರು ಕೆನಡಾದ ತಳಿವಿಜ್ಞಾನಿ ಹೊವಾರ್ಡ್ ನ್ಯೂಕೊಂಬ್. ವಿಕಿರಣದ ಪರಿಣಾಮ ತಲೆಮಾರಿಗೆ ಹರಿಯುತ್ತದೆಯೇ ಎಂದು ತಿಳಿಯಲು ಅವರಿಗೆ ಕುಟುಂಬಗಳ ಮಾಹಿತಿ ಬೇಕಿತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ 1955ರಲ್ಲಿ ದಾಖಲಾದ ಸುಮಾರು 34 ಸಾವಿರ ಜನನಗಳನ್ನು ಅದಕ್ಕೂ ಹಿಂದಿನಿಂದ ದಾಖಲಾಗಿದ್ದ ಸುಮಾರು 1.14 ಲಕ್ಷ ವಿವಾಹಗಳ ಜೊತೆ ಜೋಡಿಸಿ, ಅವರು ಮತ್ತು ಸಂಗಡಿಗರು 1959ರಲ್ಲಿ ಲೇಖನ ಪ್ರಕಟಿಸಿದರು.

ಪ್ರತಿ ಜನನವನ್ನೂ ಪ್ರತಿ ವಿವಾಹದೊಡನೆ ಹೋಲಿಸಿದರೆ ಸುಮಾರು 390 ಕೋಟಿ ಜೋಡಿಗಳಾಗುತ್ತವೆ. ಆದ್ದರಿಂದ ಅವರು ಮೊದಲು ಗುಂಪು ಮಾಡಿದರು: ಗಂಡ-ಹೆಂಡತಿಯರ ಅಡ್ಡಹೆಸರುಗಳ ಸೌಂಡೆಕ್ಸ್ ಸಂಕೇತ ಹೊಂದಿದರೆ ಮಾತ್ರ ಹೋಲಿಕೆ. ಸೌಂಡೆಕ್ಸ್ ಎಂದರೆ ಹೆಸರಿನ ಮೊದಲ ಅಕ್ಷರ, ಆಮೇಲೆ ವ್ಯಂಜನಗಳಿಗೆ ಮೂರು ಅಂಕಿ. Laxmi, Lakshmi ಎರಡೂ `L250` ಆಗುತ್ತವೆ, ಅದು ಒಳ್ಳೆಯದು. Bhat, Bedi ಎರಡೂ `B300` ಆಗುತ್ತವೆ, ಅದು ಹೆಚ್ಚುವರಿ ಹೋಲಿಕೆ ಅಷ್ಟೆ. ಆದರೆ Vishwanath `V` ಗುಂಪಿಗೂ Bishwanath `B` ಗುಂಪಿಗೂ ಹೋಗುತ್ತವೆ. ಆ ಜೋಡಿಗೆ ಕಡಿಮೆ ಅಂಕ ಬೀಳುವುದಲ್ಲ, ಅಂಕವೇ ಬೀಳುವುದಿಲ್ಲ. ಯಾವ ವರದಿಯಲ್ಲೂ ಕಾಣದ ಈ ತಪ್ಪನ್ನು ಹಿಡಿಯಲು ಇರುವ ದಾರಿ, ಮೊಬೈಲ್ ನಂಬರಿನಂಥ ಬೇರೆ ಗುಂಪಿನಿಂದ ಇನ್ನೊಮ್ಮೆ ಹುಡುಕುವುದು.

ನ್ಯೂಕೊಂಬ್ ಅವರ ಇನ್ನೊಂದು ಒಳನೋಟ: ಅಪರೂಪದ ಹೆಸರು ಹೊಂದಿದರೆ ಅದಕ್ಕೆ ತೂಕ ಹೆಚ್ಚು. ನಮ್ಮ ಜೋಡಿಯನ್ನೇ ನೋಡಿ. ಒಬ್ಬರದೇ ಎರಡು ದಾಖಲೆಯಾದರೆ ಅಡ್ಡಹೆಸರು ಶೇ 90ರಷ್ಟು ಸಲ ಹೊಂದುತ್ತದೆ ಎನ್ನೋಣ. ಊರಿನಲ್ಲಿ 50ಕ್ಕೆ ಒಬ್ಬರು ಪಾಟೀಲರಾದರೆ, ಬೇರೆಯವರೊಡನೆ ಅದು ಆಕಸ್ಮಿಕವಾಗಿ ಹೊಂದುವುದು ಶೇ 2. ಭಾಗಿಸಿದರೆ 45. 100ಕ್ಕೆ ಒಬ್ಬರ ಹೆಸರು ಲಕ್ಷ್ಮಿಯಾದರೆ ಅದಕ್ಕೆ 90. ದಿನ-ತಿಂಗಳು ಆಕಸ್ಮಿಕವಾಗಿ ಹೊಂದುವುದು 365ಕ್ಕೆ ಒಂದು, ಅದಕ್ಕೆ ಸುಮಾರು 328. ಮೊಬೈಲ್ ಹೊಂದದ್ದರಿಂದ ಬೆಲೆ ಇಳಿದು 0.3. ಎಲ್ಲ ಗುಣಿಸಿದರೆ ಸುಮಾರು 4 ಲಕ್ಷ. ಕೂಡಿಸಲು ಸುಲಭವಾಗಲೆಂದು ಇದನ್ನೇ 2ರ ಲಾಗರಿದಮ್ಮಿನಲ್ಲಿ 18.6 ಎಂದು ಬರೆಯುತ್ತಾರೆ.

4 ಲಕ್ಷ ದೊಡ್ಡ ಸಂಖ್ಯೆಯೇ. ಆದರೆ 10 ಲಕ್ಷ ದಾಖಲೆಗಳ ನಡುವೆ ಈಕೆಗೆ ಜೋಡಿಯಿದ್ದರೆ ಒಂದೇ ಒಂದು. ಆ ರಾಶಿಯ ಎದುರು 18.6 ಇನ್ನೂ ಅನುಮಾನವೇ.

ಈ ಅನುಮಾನಕ್ಕೆ ಗಣಿತದಲ್ಲಿ ಜಾಗ ಮಾಡಿಕೊಟ್ಟವರು ಕೆನಡಾದ ಸಂಖ್ಯಾಶಾಸ್ತ್ರಜ್ಞರಾದ ಐವನ್ ಫೆಲ್ಲೆಗಿ ಮತ್ತು ಅಲನ್ ಸುಂಟರ್. 1969ರ ಅವರ ಲೇಖನದಲ್ಲಿ ತೀರ್ಪು ಎರಡಲ್ಲ, ಮೂರು: ಒಬ್ಬರೇ, ಬೇರೆಯವರು, ಇರಬಹುದು. ತಪ್ಪಾಗಿ ಸೇರಿಸುವುದು ಎಷ್ಟು, ತಪ್ಪಾಗಿ ಬಿಡುವುದು ಎಷ್ಟು ಎಂಬ ಮಿತಿಗಳನ್ನು ನಾವು ಮೊದಲೇ ಹೇಳಬೇಕು. ಆ ಮಿತಿಯೊಳಗೆ ನಡುವಿನ ರಾಶಿಯನ್ನು ಆದಷ್ಟು ಚಿಕ್ಕದು ಮಾಡುವ ನಿಯಮ ಯಾವುದೆಂದು ಅವರು ಸಾಧಿಸಿ ತೋರಿಸಿದರು. ಸ್ಟೀವರ್ಡ್ ಮೇಜಿನ ಮೇಲಿನ ಪಟ್ಟಿ ಎಂದರೆ ಆ ರಾಶಿಯೇ. ಅದನ್ನು ಪೂರಾ ಖಾಲಿ ಮಾಡಿ ಎಂದು ಮೇಲಧಿಕಾರಿ ಹೇಳಿದರೆ, ಹೆಚ್ಚು ತಪ್ಪುಗಳಿಗೆ ಒಪ್ಪಿಗೆ ಕೊಟ್ಟಂತೆಯೇ.

ಈ ಲೆಕ್ಕಕ್ಕೂ ಒಂದು ದುರ್ಬಲ ಜಾಗವಿದೆ. ಅಡ್ಡಹೆಸರು, ವಿಳಾಸ, ಮನೆಯ ಫೋನು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡು ಅದು ಗುಣಿಸುತ್ತದೆ. ಒಂದೇ ಮನೆಯ ಅವಳಿ ಅಣ್ಣತಮ್ಮಂದಿರಲ್ಲಿ ಇವೆಲ್ಲ ಒಟ್ಟಿಗೇ ಹೊಂದುತ್ತವೆ, ಅಂಕ ಸುಮ್ಮನೆ ಏರುತ್ತದೆ. ಹಾಗಾಗಿ ವರದಿಯಲ್ಲಿ ಒಟ್ಟು ಅಂಕವೊಂದೇ ಸಾಲದು, ಯಾವ ಕಾಲಂ ಎಷ್ಟು ಕೊಟ್ಟಿತು ಎಂದೂ ಕಾಣಬೇಕು.

ನಮ್ಮ ಲಕ್ಷ್ಮಿಯರಿಗೆ ಹಿಂತಿರುಗೋಣ. ಸ್ಟೀವರ್ಡ್ ಮೂಲ ಅರ್ಜಿಗಳನ್ನು ತೆಗೆಸುತ್ತಾರೆ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನದು. ಅದರಿಂದ ಏನೂ ತೀರ್ಮಾನವಾಗದು. ಆದರೆ ಸಹಿಯ ಕೆಳಗೆ ಬರೆದ ವಯಸ್ಸು ಒಂದರಲ್ಲಿ 24, ಅದೇ ವರ್ಷದ ಇನ್ನೊಂದರಲ್ಲಿ 51. ಇಬ್ಬರು ಬೇರೆ. ಸೇರಿಸಿಬಿಟ್ಟಿದ್ದರೆ ಒಬ್ಬಾಕೆಯ ಖಾತೆಯ ವಿವರ ಇನ್ನೊಬ್ಬಾಕೆಯ ಮೊಬೈಲಿಗೆ ಹೋಗುತ್ತಿತ್ತು, ಬಿಡಿಸುವಾಗ ಯಾವ ವಹಿವಾಟು ಯಾರದೆಂದು ಹುಡುಕಬೇಕಾಗುತ್ತಿತ್ತು. ‘ಬೇರೆಯವರು’ ಎಂಬ ಈ ತೀರ್ಪನ್ನೂ ಬರೆದಿಡಬೇಕು. ಇಲ್ಲದಿದ್ದರೆ ಮುಂದಿನ ತಿಂಗಳ ಪಟ್ಟಿಯಲ್ಲಿ ಇದೇ ಜೋಡಿ 18.6 ಅಂಕ ಹೊತ್ತು ಮತ್ತೆ ಬರುತ್ತದೆ, ಆಗ ಆ ಮೇಜಿನಲ್ಲಿ ಅರ್ಜಿ ತೆಗೆಸುವ ತಾಳ್ಮೆಯಿಲ್ಲದವರು ಕೂತಿರಬಹುದು.