ಉತ್ತರವೆಂದರೆ ಆಳವೇ? ಕಾಂತಾನುಸಾರಿ ಬ್ಯಾಕ್ಟೀರಿಯಾದ ಚರಿತ್ರೆ, ಕೃಷ್ಣಾ ದಂಡೆಯಿಂದ ನೋಡಿದಾಗ

ಇವತ್ತು ನಾನು ಹೇಳಬೇಕಂತಿರುವುದು ಒಂದು ವಿವರಣೆಯ ಚರಿತ್ರೆ. ಕಾಂತಾನುಸಾರಿ ಬ್ಯಾಕ್ಟೀರಿಯಾ ತಮ್ಮ ಮೈಯೊಳಗಿನ ಹರಳುಗಳ ಸರಪಳಿಯಿಂದ ಭೂಕಾಂತ ಕ್ಷೇತ್ರದ ರೇಖೆ ಹಿಡಿದು ಈಜುತ್ತವೆ ಎಂಬುದು ನಮಗೆಲ್ಲ ಗೊತ್ತು. ಹಾಗೆ ಈಜಿ ಅವಕ್ಕೆ ಸಿಗುವ ಲಾಭವೇನು? ಪಠ್ಯಪುಸ್ತಕದ ಉತ್ತರ ಸರಳ: ಉತ್ತರ ಗೋಳಾರ್ಧದಲ್ಲಿ ಕ್ಷೇತ್ರರೇಖೆ ನೆಲದೊಳಗೆ ಇಳಿಯುತ್ತದೆ, ಆದ್ದರಿಂದ ಉತ್ತರಕ್ಕೆ ಹೊರಟ ಜೀವಿ ಕೆಸರಿನ ಆಳ ತಲುಪುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲದಲ್ಲಿ ನಿಂತು ಈ ಮಾತನ್ನ ಪರೀಕ್ಷೆ ಮಾಡಿದರೆ ಅದು ಎಷ್ಟು ದೂರ ನಿಲ್ಲುತ್ತದೆ ಅನ್ನೋದೇ ನನ್ನ ಪ್ರಶ್ನೆ.

ಮೊದಲು ಕಂಡವರ ವಿಷಯ. 1963ರಲ್ಲಿ ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಸಾಲ್ವತೋರೆ ಬೆಲ್ಲೀನಿ, ಒಂದೇ ದಿಕ್ಕಿಗೆ ಈಜುವ ಬ್ಯಾಕ್ಟೀರಿಯಾವನ್ನು ಸಿಹಿನೀರಿನಲ್ಲಿ ಕಂಡು, ಅವುಗಳ ಒಳಗೇ ಒಂದು ದಿಕ್ಸೂಚಿ ಇರಬೇಕೆಂದು ಬರೆದರು. ಆ ಬರಹ ಆಗ ವಿಜ್ಞಾನ ಪತ್ರಿಕೆಗಳಲ್ಲಿ ಬರಲಿಲ್ಲ. ಅದರ ಇಂಗ್ಲಿಷ್ ಅನುವಾದ ಅಚ್ಚಾದದ್ದು 2009ರಲ್ಲಿ. ಹೀಗಾಗಿ ಈ ಚರಿತ್ರೆ ಸಾಮಾನ್ಯವಾಗಿ ರಿಚರ್ಡ್ ಬ್ಲೇಕ್‌ಮೋರ್ ಅವರಿಂದ ಶುರುವಾಗುತ್ತದೆ. ಅವರು ಅಮೆರಿಕದ ವುಡ್ಸ್ ಹೋಲ್ ಬಳಿಯ ಜವುಗು ಕೆಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ವಿದ್ಯಾರ್ಥಿ. ಹನಿಯ ಒಂದೇ ಅಂಚಿಗೆ ಜೀವಿಗಳು ಸೇರುತ್ತಿದ್ದವು. ಬೆಳಕಿನ ಕಡೆ ಹೋಗ್ತಿರಬಹುದು ಅಂತ ಮೊದಲ ಊಹೆ. ಬೆಳಕು ಮುಚ್ಚಿದರು, ಸೂಕ್ಷ್ಮದರ್ಶಕ ತಿರುಗಿಸಿದರು, ದಿಕ್ಕು ಬದಲಾಗಲಿಲ್ಲ. ಆಯಸ್ಕಾಂತ ಹತ್ತಿರ ತಂದಾಗ ಮಾತ್ರ ಬದಲಾಯಿತು. 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 1979ರಲ್ಲಿ ರಿಚರ್ಡ್ ಫ್ರಾಂಕೆಲ್ ಜೊತೆಗೂಡಿ, ಒಳಗಿರುವ ಹರಳುಗಳು ಮ್ಯಾಗ್ನೆಟೈಟ್ ಎಂದು ತೋರಿಸಿದರು.

ಈಗ ವಿವರಣೆಯ ಪರೀಕ್ಷೆ. ಉತ್ತರ ಅಂದರೆ ಆಳ ಎಂಬುದು ನಿಜವಾದರೆ, ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಈಜುವವೇ ಹೆಚ್ಚಿರಬೇಕು. 1980ರಲ್ಲಿ ನ್ಯೂಜಿಲೆಂಡಿನ ಕೆಸರಿನಲ್ಲಿ ಹಾಗೇ ಕಂಡಿತು. ಕಾಂತ ಸಮಭಾಜಕದಲ್ಲಿ ರೇಖೆ ಅಡ್ಡಕ್ಕಿರುತ್ತದೆ, ಯಾವ ಕಡೆ ಹೋದರೂ ಆಳ ಸಿಗೋದಿಲ್ಲ. 1981ರಲ್ಲಿ ಬ್ರೆಜಿಲ್‌ನ ಫೋರ್ತಲೇಜಾ ಪ್ರದೇಶದಲ್ಲಿ ಎರಡೂ ಬಗೆ ಹೆಚ್ಚೂಕಡಿಮೆ ಸಮವಾಗಿ ಸಿಕ್ಕವು. ಪ್ರಯೋಗಾಲಯದಲ್ಲಿ ಲಂಬ ಕ್ಷೇತ್ರವನ್ನು ತಲೆಕೆಳಗು ಮಾಡಿ ಕೆಸರನ್ನು ವಾರಗಟ್ಟಲೆ ಇಟ್ಟಾಗ ಜೀವಿಗಳ ಬಹುಮತವೂ ತಿರುಗಿತು. ಇಷ್ಟಾದ ಮೇಲೆ ಯಾರಾದರೂ ಒಪ್ಪಲೇಬೇಕು, ಅಲ್ವಾ?

ಗಮನಿಸಬೇಕಾದ್ದು, ಪರೀಕ್ಷೆ ನಡೆದ ಸ್ಥಳಗಳು ಎರಡು ತುದಿಯವು: ರೇಖೆ ಕಡಿದಾಗಿ ಇಳಿಯುವ ಕಡೆ, ಇಲ್ಲವೆ ಪೂರ್ತಿ ಮಲಗಿದ ಕಡೆ. ನಮ್ಮದು ನಡುವಿನದು. ಭಾರತದಲ್ಲಿ ಕಾಂತ ಸಮಭಾಜಕ ಹಾಯುವುದು ದಕ್ಷಿಣದ ತುದಿಯಲ್ಲಿ. ತುಂಬಾದಲ್ಲಿ 1963ರಲ್ಲಿ ರಾಕೆಟ್ ಕೇಂದ್ರ ಶುರು ಮಾಡಿದ್ದೂ ಅದಕ್ಕೇ. ಮಕ್ತಲ್ ಸೀಮೆಯಲ್ಲಿ, ಅಂದರೆ ಕೃಷ್ಣೆ ತೆಲಂಗಾಣಕ್ಕೆ ಕಾಲಿಟ್ಟು ಭೀಮೆಯನ್ನು ಸೇರಿಸಿಕೊಳ್ಳುವ ಭಾಗದಲ್ಲಿ, ರೇಖೆ ಅಡ್ಡಕ್ಕಿಂತ ಸುಮಾರು 22 ಡಿಗ್ರಿ ಮಾತ್ರ ಕೆಳಗೆ ಬಾಗಿರುತ್ತದೆ. ಇದೇ ನತಿಕೋನ. ವುಡ್ಸ್ ಹೋಲ್‌ನಲ್ಲಿ ಅದು ಸುಮಾರು 70 ಡಿಗ್ರಿ.

ಒಂದು ಲೆಕ್ಕ ಹಾಕೋಣ. ಮೊದಲು ಸರಪಳಿ. 45 ನ್ಯಾನೊಮೀಟರ್ ಬದಿಯ ಒಂದೇ ಒಂದು ಮ್ಯಾಗ್ನೆಟೈಟ್ ಹರಳು ತಗೊಳ್ರಿ. ನಮ್ಮ ಕಡೆಯ ಕ್ಷೇತ್ರ ಸುಮಾರು 42 ಮೈಕ್ರೊಟೆಸ್ಲಾ. ಆ ಹರಳನ್ನು ಕ್ಷೇತ್ರದ ಕಡೆ ಎಳೆಯುವ ಶಕ್ತಿ, ನೀರಿನ ಅಣುಗಳು ಉಷ್ಣದಿಂದ ಅದನ್ನು ಅಲ್ಲಾಡಿಸುವ ಶಕ್ತಿಯ ಅರ್ಧಕ್ಕಿಂತ ಕಡಿಮೆ. ಒಂದೇ ಹರಳಿದ್ದರೆ ಜೀವಿಯ ಸರಾಸರಿ ಹೊಂದಿಕೆ ಸುಮಾರು 15 ಪ್ರತಿಶತ. ಅದು ದಾರಿ ತಪ್ಪಿದ್ದೇ ಸರಿ. ಅಂಥ 20 ಹರಳು ಒಂದೇ ಸಾಲಿನಲ್ಲಿ ನಿಂತರೆ ಅವುಗಳ ಕಾಂತತ್ವ ಕೂಡುತ್ತದೆ. ಆಗ ಶಕ್ತಿಯ ಅನುಪಾತ ಸುಮಾರು 9, ಹೊಂದಿಕೆ 89 ಪ್ರತಿಶತ. ಹರಳನ್ನೇ ದೊಡ್ಡದು ಮಾಡಿದರೆ ಆಗೋದಿಲ್ಲವೇ? ಒಂದು ಮಿತಿ ದಾಟಿದರೆ ಹರಳಿನೊಳಗೇ ಬೇರೆಬೇರೆ ವಲಯಗಳು ಹುಟ್ಟಿ ಒಂದನ್ನೊಂದು ಕಳೆಯುತ್ತವೆ. ಅದಕ್ಕೇ ಸಣ್ಣ ಹರಳು, ಉದ್ದ ಸಾಲು. ಬಿಟ್ಟರೆ ಈ ಸಾಲು ಮಡಚಿ ಗಂಟಾಗುತ್ತದೆ. ಅದನ್ನು ನೆಟ್ಟಗೆ ಹಿಡಿಯುವ ಪ್ರೋಟೀನುಗಳು ಪತ್ತೆಯಾದದ್ದು 2006ರಲ್ಲಿ.

ಅಂದರೆ ರೇಖೆ ಹಿಡಿಯುವುದರಲ್ಲಿ ನಮ್ಮ ಕೆಸರಿನ ಜೀವಿಗೂ ತೊಂದರೆಯಿಲ್ಲ. ತೊಂದರೆ ಇರೋದು ರೇಖೆಯ ಇಳಿಜಾರಿನಲ್ಲಿ. 5 ಮಿಲಿಮೀಟರ್ ಆಳಕ್ಕೆ ಇಳಿಯಬೇಕು ಅಂದುಕೊಳ್ಳಿ. 70 ಡಿಗ್ರಿಯಲ್ಲಿ 5.3 ಮಿಲಿಮೀಟರ್ ಈಜಿದರೆ ಸಾಕು. 22 ಡಿಗ್ರಿಯಲ್ಲಿ 13 ಮಿಲಿಮೀಟರಿಗೂ ಹೆಚ್ಚು ಈಜಬೇಕು. ಸೆಕೆಂಡಿಗೆ 50 ಮೈಕ್ರೊಮೀಟರ್ ವೇಗ ಹಿಡಿದು ಆ 89 ಪ್ರತಿಶತವನ್ನೂ ಸೇರಿಸಿದರೆ, ಅಲ್ಲಿ ಎರಡು ನಿಮಿಷ, ಇಲ್ಲಿ ಐದು ನಿಮಿಷ. ತೆರೆದ ನೀರಿನಲ್ಲಿ ಇದು ದೊಡ್ಡದಲ್ಲ. ಆದರೆ ಕೆಸರಿನ ಕಣಗಳ ನಡುವೆ 13 ಮಿಲಿಮೀಟರ್ ಅಡ್ಡಡ್ಡ ತೂರಿ ಹೋಗುವುದೆಂದರೆ ಅಷ್ಟು ಹೆಚ್ಚು ಕಡೆ ಮುಗ್ಗರಿಸುವುದು. ನನ್ನ ಅಭಿಪ್ರಾಯದಲ್ಲಿ ‘ಆಳ ತೋರಿಸುವ ದಿಕ್ಸೂಚಿ’ ಎಂಬ ವಿವರಣೆ ಇಲ್ಲಿ ಸುಳ್ಳಾಗುವುದಿಲ್ಲ, ಆದರೆ ಸೊರಗುತ್ತದೆ.

ಅದನ್ನು ತಿದ್ದಿದ್ದು ಮುಂದಿನ ಘಟ್ಟ. 1997ರಲ್ಲಿ ಫ್ರಾಂಕೆಲ್ ಮತ್ತು ಸಂಗಡಿಗರು ತೋರಿಸಿದ್ದೇನೆಂದರೆ, ಜೀವಿ ನಿಜವಾಗಿ ಹುಡುಕುವುದು ತನಗೆ ಬೇಕಾದಷ್ಟೇ ಆಮ್ಲಜನಕವಿರುವ ತೆಳು ಪದರವನ್ನು. ಕಾಂತಕ್ಷೇತ್ರ ಕೊಡುವುದು ಹಳಿ ಮಾತ್ರ. ಮುಂದೆಯೋ ಹಿಂದೆಯೋ ಎಂಬುದನ್ನು ಹೇಳುವುದು ಆಮ್ಲಜನಕ. ಮೂರು ಆಯಾಮದ ಹುಡುಕಾಟ ಒಂದೇ ಗೆರೆಗೆ ಇಳಿಯುತ್ತದೆ, ಲಾಭ ಅದು. 2006ರಲ್ಲಿ ಅಮೆರಿಕದದೇ ಸಾಲ್ಟ್ ಪಾಂಡ್‌ನಲ್ಲಿ, ಅಂದರೆ ಉತ್ತರ ಗೋಳಾರ್ಧದಲ್ಲಿ, ದಕ್ಷಿಣಕ್ಕೆ ಈಜುವವು ಗಣನೀಯ ಸಂಖ್ಯೆಯಲ್ಲಿ ಸಿಕ್ಕಾಗ ಹಳೆಯ ಸೂತ್ರಕ್ಕೆ ಇನ್ನೊಂದು ಪೆಟ್ಟು ಬಿತ್ತು.

ಇದರಿಂದ ನಮ್ಮ ಕಡೆ ಕೆಲಸ ಮಾಡುವವರಿಗೆ ಒಂದು ಮಾತು. ಜುರಾಲಾ ಹಿನ್ನೀರಿನದೋ ಊರ ಕೆರೆಯದೋ ಕೆಸರನ್ನು ಜಾಡಿಯಲ್ಲಿ ಮಂದ ಬೆಳಕಿನಲ್ಲಿ ಕೆಲವು ವಾರ ಇಟ್ಟು, ಕೆಸರಿನ ಮೇಲ್ಮೈಗೆ ಸ್ವಲ್ಪ ಮೇಲೆ ಗಾಜಿನ ಹೊರಗೆ ಆಯಸ್ಕಾಂತದ ದಕ್ಷಿಣ ಧ್ರುವ ತಾಗಿಸಿದರೆ, ಉತ್ತರಕ್ಕೆ ಈಜುವ ಜೀವಿಗಳು ಅಲ್ಲಿ ಸೇರುತ್ತವೆ. ಹೌದು, ದಕ್ಷಿಣ ಧ್ರುವವೇ. ಕ್ಷೇತ್ರರೇಖೆ ಆಯಸ್ಕಾಂತದೊಳಗೆ ಹೋಗುವುದು ಅಲ್ಲೇ. ಇದನ್ನು ಅದಲುಬದಲು ಮಾಡಿಕೊಂಡರೆ ಇಡೀ ಎಣಿಕೆ ತಿರುಗಿ ಬೀಳುತ್ತದೆ. ಒಂದೇ ಧ್ರುವದಿಂದ ಸೇರಿಸಿ ಎಣಿಸಿದರೂ ತಪ್ಪೇ, ಯಾಕಂದ್ರೆ ಇನ್ನೊಂದು ಬಗೆಯನ್ನು ನೀವೇ ಆಚೆ ಕಳಿಸಿರುತ್ತೀರಿ. ಇನ್ನೊಂದು ತೊಡಕು: ನಮ್ಮದು ಗ್ರಾನೈಟ್ ಸೀಮೆ, ಹೊಳೆಯ ಮರಳಿನಲ್ಲಿ ಆಯಸ್ಕಾಂತಕ್ಕೆ ಅಂಟುವ ಕರಿ ಕಣ ಧಾರಾಳ. ಹನಿಯ ಪಕ್ಕದ ಆಯಸ್ಕಾಂತ ತಿರುಗಿಸಿ ನೋಡ್ರಿ. ಜೀವಂತವಿದ್ದದ್ದು ತಿರುಗಿ ಹಿಂದಕ್ಕೆ ಈಜುತ್ತದೆ. ಸತ್ತದ್ದು ತಿರುಗುತ್ತದೆ, ಈಜುವುದಿಲ್ಲ. ಮರಳಿನ ಕಣ ಸುಮ್ಮನೆ ಆಯಸ್ಕಾಂತದ ಕಡೆ ಎಳೆದುಕೊಂಡು ಹೋಗುತ್ತದೆ.

ಹಾಗೆ ಎಣಿಸಿದಾಗ ಉತ್ತರದವು ಹೆಚ್ಚು ಬಂದರೂ ‘ಉತ್ತರ ಅಂದರೆ ಆಳ’ ಸಾಬೀತಾಯಿತು ಅನ್ನಬೇಡಿ. ಮಿಲಿಮೀಟರಿಗೊಂದರಂತೆ ಪದರಪದರವಾಗಿ ತೆಗೆದು, ಪ್ರತಿ ಪದರದ ಆಮ್ಲಜನಕವನ್ನೂ ಎರಡೂ ಬಗೆಯ ಸಂಖ್ಯೆಯನ್ನೂ ಜೊತೆಗಿಟ್ಟು ನೋಡಬೇಕು. ನಾರಾಯಣಪೇಟೆಯಿಂದ ಗದ್ವಾಲಕ್ಕೆ ನತಿಕೋನ ಬದಲಾಗುವುದು ಒಂದು ಡಿಗ್ರಿಯಷ್ಟೇ. ಹಾಗಾಗಿ ಎರಡು ಊರಿನ ಎಣಿಕೆ ಬಹಳ ಬೇರೆ ಬಂದರೆ ಕಾರಣವನ್ನು ಭೂಮಿಯ ಕ್ಷೇತ್ರದಲ್ಲಲ್ಲ, ಆ ಕೆಸರಿನ ಆಮ್ಲಜನಕದಲ್ಲಿ ಹುಡುಕಬೇಕಾಗುತ್ತದೆ.